ತೋಳಿನ ಮೇಲಿನ ರವೆ

ಏಪ್ರಿಲ್ ತಿಂಗಳು, ದಾವಣಗೆರೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಟೈಲರ್ ಅಕ್ಕ ರವಿಕೆಯ ತೋಳಿನ ಅಳತೆ ತೆಗೆಯುತ್ತಿದ್ದವರು ಟೇಪನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. "ಚಳಿ ಆಗ್ತಿದೆಯೇನಮ್ಮ?" ಅಂದರು. ಅವರ ಬೆರಳಿಗೆ ನನ್ನ ತೋಳು ಮುಳ್ಳು ಎದ್ದ ಹಾಗೆ ಸಿಕ್ಕಿತ್ತು. ನಾನು ಬೆವರುತ್ತಿದ್ದೆ. ಏನು ಹೇಳೋದು? "ಇಲ್ಲಕ್ಕ, ನನ್ನ ಮೈಯೇ ಹಾಗೆ" ಅಂದೆ. ಅವರು ಪಾಪ, ಮುಂದೇನೂ ಕೇಳಲಿಲ್ಲ. ತೋಳು ಎಷ್ಟುದ್ದ ಇಡಲಿ ಅಂತ ಕೇಳಿದಾಗ ಮಾತ್ರ ನನ್ನ ಬಾಯಿಂದ ತಾನಾಗೇ ಬಂತು: "ಮೊಣಕೈವರೆಗೂ ಇರಲಿ."

ಆಗ ನನಗೆ ಇಪ್ಪತ್ತೆರಡು. ಹೈಸ್ಕೂಲಿನಿಂದಲೂ ಈ ತೋಳು ಹಾಗೇ ಇತ್ತು. ದೂರದಿಂದ ನೋಡಿದರೆ ಅಷ್ಟೇನೂ ಕಾಣುವುದಿಲ್ಲ. ಮುಟ್ಟಿದರೆ ಯಾರೋ ಚಿರೋಟಿ ರವೆ ಅಂಟಿಸಿದ ಹಾಗೆ. ತೋಳಿನ ಹೊರಬದಿ, ತೊಡೆಯ ಮುಂಭಾಗ, ಎರಡೇ ಜಾಗ. ನೋವಿಲ್ಲ, ತುರಿಕೆ ಅಂದರೆ ಚಳಿಗಾಲದಲ್ಲಿ ಒಂಚೂರು. ಇದಕ್ಕೊಂದು ಹೆಸರಿದೆ, ಕೆರಟೋಸಿಸ್ ಪಿಲಾರಿಸ್ ಅನ್ನುತ್ತಾರೆ ಅಂತ ತಿಳಿಯುವುದಕ್ಕೆ ಇನ್ನೂ ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಅದನ್ನು ಉಜ್ಜಿ ಉಜ್ಜಿ ಇನ್ನೂ ಕೆಡಿಸಿಕೊಂಡಿದ್ದೆ.

ಹೀರೆಕಾಯಿ ನಾರಿನ ಕಾಲ

ನೀರು ತುಂಬುವ ಹಬ್ಬದ ಮಾರನೇ ದಿನ ನಮ್ಮಲ್ಲಿ ಎಲ್ಲರಿಗೂ ಎಣ್ಣೆ ನೀರು. ಬೆಳಗಿನ ಜಾವ ಹಂಡೆ ಒಲೆ ಉರಿಯುತ್ತಿರುತ್ತದೆ. ಬಚ್ಚಲು ತುಂಬಾ ಹೊಗೆ ಮತ್ತು ಸೀಗೆಕಾಯಿ ವಾಸನೆ. ಒಬ್ಬೊಬ್ಬರನ್ನೇ ಮಣೆ ಮೇಲೆ ಕೂರಿಸಿ ಅಮ್ಮ ಕಡಲೆಹಿಟ್ಟು ಹಾಕಿ ಒಣಗಿಸಿದ ಹೀರೆಕಾಯಿ ನಾರಿನಲ್ಲಿ ತಿಕ್ಕುತ್ತಿದ್ದಳು. ಬೆನ್ನು ಮುಗಿಸಿ ತೋಳಿಗೆ ಬಂದಾಗ ಅವಳ ಕೈ ಬಿರುಸಾಗುತ್ತಿತ್ತು. "ಸರಿಯಾಗಿ ಉಜ್ಜಿಕೊಳ್ಳಲ್ಲ ನೀನು, ನೋಡು ಹೆಂಗೆ ಕೊಳೆ ಕೂತಿದೆ." ನನ್ನ ತೋಳು ಕೆಂಪಗಾಗಿ ಚುರುಗುಟ್ಟುತ್ತಿತ್ತು. ಅವತ್ತು ಸಂಜೆವರೆಗೂ ನುಣುಪಾಗಿರುತ್ತಿತ್ತು ಕೂಡ! ಅದೇ ಮೋಸ. ಎರಡು ದಿನಕ್ಕೆ ರವೆ ವಾಪಸ್. ಜೊತೆಗೆ ಒಂದೊಂದು ಗುಳ್ಳೆಯ ಸುತ್ತ ಒಂದೊಂದು ಕೆಂಪು ಉಂಗುರ.

ಅಮ್ಮನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹಾಸ್ಟೆಲ್ಲಿಗೆ ಹೋದ ಮೇಲೆ ನಾನೇ ಅವಳಿಗಿಂತ ಜೋರಾಗಿ ತಿಕ್ಕಿದೆ. ಹಿಮ್ಮಡಿ ಉಜ್ಜುವ ಕಲ್ಲನ್ನು ತೋಳಿಗೆ ಹಚ್ಚಿದ್ದೇನೆ. ಸಕ್ಕರೆ ಮತ್ತು ನಿಂಬೆರಸ, ಕಾಫಿಪುಡಿ ಮತ್ತು ಕೊಬ್ಬರಿ ಎಣ್ಣೆ, ಎಲ್ಲ ಆಗಿದೆ. ಕೂತು ಒಂದೊಂದೇ ಗುಳ್ಳೆಯನ್ನು ಉಗುರಿನಲ್ಲಿ ಕೆದಕುವ ಚಟವೂ ಇತ್ತು. ಕೆದಕಿದರೆ ಒಳಗಿನಿಂದ ಗಟ್ಟಿಯಾದ ಒಂದು ಬಿಳಿ ಕಾಳು ಬರುತ್ತದೆ. ಕೆಲವು ಸಲ ಅದರೊಳಗೆ ಚಕ್ಕುಲಿ ಥರ ಸುತ್ತಿಕೊಂಡ ಒಂದು ಕೂದಲು.

ಆ ಬಿಳಿ ಕಾಳಿನಲ್ಲೇ ಇಡೀ ಕತೆ ಇದೆ. ಕೆರಟಿನ್ ಅಂದರೆ ನಮ್ಮ ಉಗುರು, ಕೂದಲು, ಚರ್ಮದ ಮೇಲ್ಪದರ ಯಾವುದರಿಂದ ಆಗಿದೆಯೋ ಆ ಪ್ರೋಟೀನು. ಎಲ್ಲರ ಚರ್ಮದಲ್ಲೂ ಹಳೆಯ ಪದರ ಪುಡಿಪುಡಿಯಾಗಿ ಉದುರುತ್ತಾ ಇರುತ್ತದೆ. ನನ್ನಂಥವರಲ್ಲಿ ಕೂದಲಿನ ಬುಡದ ರಂಧ್ರದ ಬಾಯಲ್ಲಿ ಅದು ಉದುರದೆ ಅಲ್ಲೇ ಸೇರಿಕೊಂಡು ಬಿರಡೆಯಾಗುತ್ತದೆ. ಕೂದಲು ಮೇಲೆ ಬರಲು ದಾರಿ ಇಲ್ಲದೆ ಒಳಗೇ ಸುತ್ತಿಕೊಳ್ಳುತ್ತದೆ. ಕೊಳೆಗೂ ಇದಕ್ಕೂ ಸಂಬಂಧವಿಲ್ಲ, ಅಂಟುವ ಕಾಯಿಲೆಯೂ ಅಲ್ಲ. ಮನೆತನದಲ್ಲಿ ಹರಿದು ಬರುವ ಗುಣ. ಚರ್ಮ ಒಣ ಇರುವವರಲ್ಲಿ, ಚಿಕ್ಕಂದಿನಲ್ಲಿ ಎಕ್ಸಿಮಾ ಇದ್ದವರಲ್ಲಿ ಜಾಸ್ತಿ.

ಈಗ ಇದನ್ನು ತಿಕ್ಕಿದರೆ ಏನಾಗುತ್ತದೆ ನೋಡಿ. ಬಿರಡೆಯ ತಲೆ ಮಾತ್ರ ಹಾರುತ್ತದೆ, ಬುಡ ಹಾಗೇ ಇರುತ್ತದೆ. ಸುತ್ತಲಿನ ಚರ್ಮ ಗಾಯಗೊಳ್ಳುತ್ತದೆ. ಗಾಯಗೊಂಡ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ದಪ್ಪ ಪದರ ಕಟ್ಟುತ್ತದೆ. ಬಚ್ಚಲ ಕಲ್ಲು ತಿಕ್ಕಿದವರ ಅಂಗೈ ಗಟ್ಟಿಯಾಗುವ ಹಾಗೆ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಇನ್ನೊಂದು ದಂಡ ಬೇರೆ. ಕೆರಳಿದ ಒಂದೊಂದು ರಂಧ್ರವೂ ಕಂದು ಚುಕ್ಕೆ ಬಿಟ್ಟು ಹೋಗುತ್ತದೆ. ನನ್ನ ತೋಳಿನಲ್ಲಿ ಬೇರೆಯವರ ಕಣ್ಣಿಗೆ ಬೀಳುತ್ತಿದ್ದದ್ದು ಈ ಚುಕ್ಕೆಗಳೇ. ಅವು ಬಹುಪಾಲು ನಾನೇ ಮಾಡಿಕೊಂಡವು.

ಹೊಲಕ್ಕೆ ಹಾಕೋ ಯೂರಿಯಾನಾ?

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ಕೂದಲು ಉದುರುವುದಕ್ಕೆ ತೋರಿಸಲು ಹೋಗಿದ್ದು. ಏಳುವಾಗ ತೋಳು ತೋರಿಸಿದೆ. ಅವರು ಬೆರಳಾಡಿಸಿ ಒಂದೇ ನಿಮಿಷದಲ್ಲಿ ಹೆಸರು ಹೇಳಿದರು. "ಇದು ಹೋಗಲ್ಲಮ್ಮ. ನುಣುಪು ಮಾಡ್ಕೋಬಹುದು. ಬಿಟ್ಟರೆ ವಾಪಸ್ ಬರತ್ತೆ. ವಯಸ್ಸಾಗ್ತಾ ತಾನೇ ಕಡಿಮೆ ಆಗೋದೂ ಉಂಟು." ಚೀಟಿಯಲ್ಲಿ ಬರೆದದ್ದು ಒಂದೇ ಕ್ರೀಮು: ಶೇಕಡ 10 ಯೂರಿಯಾ, ಶೇಕಡ 10 ಲ್ಯಾಕ್ಟಿಕ್ ಆಸಿಡ್. ಇಷ್ಟು ವರ್ಷದ ಗುಟ್ಟಿಗೆ ಇಷ್ಟೇನಾ ಅನ್ನಿಸಿತು.

ಊರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಮೆಕ್ಕೆಜೋಳ ಬೆಳೆಯುವವನು. "ಯೂರಿಯಾನಾ? ಹೊಲಕ್ಕೆ ಹಾಕೋ ಯೂರಿಯಾನಾ? ಚೀಲಗಟ್ಟಲೆ ಇಲ್ಲೇ ಬಿದ್ದಿದೆಯಲ್ಲ, ದುಡ್ಡು ಯಾಕೆ ಕೊಟ್ಟೆ?" ಅಂತ ನಕ್ಕಿದ್ದೇ ನಕ್ಕಿದ್ದು. ತಮಾಷೆಯೇನೋ ಹೌದು. ಆದರೆ ವಸ್ತು ಮಾತ್ರ ಅದೇ. ಹೊಲಕ್ಕೆ ಹಾಕುವ ಯೂರಿಯಾ, ಕ್ರೀಮಿನ ಯೂರಿಯಾ ಎರಡೂ ಒಂದೇ ರಾಸಾಯನಿಕ. ಆರೋಗ್ಯವಂತ ಚರ್ಮದೊಳಗೂ ಅದು ಸ್ವಲ್ಪ ಇದ್ದೇ ಇರುತ್ತದೆ, ನೀರು ಹಿಡಿದಿಡುವ ಕೆಲಸಕ್ಕೆ. (ಹಾಗಂತ ಗೊಬ್ಬರದ ಚೀಲಕ್ಕೆ ಯಾರೂ ಕೈ ಹಾಕಬೇಡಿ. ಅದು ಶುದ್ಧ ಮಾಡಿದ್ದಲ್ಲ, ಅದರ ಮೇಲೆ ಬೇವಿನೆಣ್ಣೆ ಲೇಪ ಬೇರೆ ಇರುತ್ತದೆ.) ಕ್ರೀಮಿನಲ್ಲಿ ಯೂರಿಯಾ ಶೇಕಡ 5ರ ಆಸುಪಾಸು ಇದ್ದರೆ ಮುಖ್ಯವಾಗಿ ನೀರು ಹಿಡಿಯುತ್ತದೆ. ಶೇಕಡ 10 ಮುಟ್ಟಿ 20ರ ಕಡೆ ಹೋದಂತೆ ಗಟ್ಟಿ ಕೆರಟಿನನ್ನು ಮೆತ್ತಗೆ ಮಾಡಿ ಬಿಡಿಸಲು ಶುರು ಮಾಡುತ್ತದೆ. ನಮಗೆ ಬೇಕಾದದ್ದು ಈ ಎರಡನೇ ಕೆಲಸ. ಹಾಗಾಗಿ ಡಬ್ಬಿಯ ಮುಂದೆ "ಯೂರಿಯಾ ಇದೆ" ಅಂತ ಬರೆದಿದ್ದರೆ ಸಾಲದು, ಹಿಂದೆ ತಿರುಗಿಸಿ ಎಷ್ಟಿದೆ ಅಂತ ನೋಡಬೇಕು.

ಲ್ಯಾಕ್ಟಿಕ್ ಆಸಿಡ್ ಅಂದರೆ ಮೊಸರಿನ ಹುಳಿ. ಸತ್ತ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಗೋಂದನ್ನು ಸಡಿಲಿಸುತ್ತದೆ. ಇದನ್ನು ಕೇಳಿದ ನನ್ನ ರೂಮ್‌ಮೇಟ್ ಹಾಗಾದರೆ ಮೊಸರೇ ಹಚ್ಚಿಕೊಂಡರೆ ಆಯ್ತಲ್ವಾ ಅಂದಳು. ಒಳ್ಳೆ ಪ್ರಶ್ನೆಯೇ. ಆದರೆ ಮೊಸರಿನಲ್ಲಿ ಹುಳಿ ಇರುವುದು ಶೇಕಡ 1ರ ಆಸುಪಾಸು. ಅಷ್ಟರಿಂದ ಬಿರಡೆ ಅಲ್ಲಾಡುವುದಿಲ್ಲ. ಹಾಸಿಗೆ ಮಾತ್ರ ವಾಸನೆ ಬರುತ್ತದೆ.

ಎಡಗೈ, ಬಲಗೈ

ನನಗೆ ಕ್ರೀಮಿನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಅದಕ್ಕೇ ಒಂದು ಆಟ ಕಟ್ಟಿದೆ. ಡಿಸೆಂಬರ್ ಮೊದಲ ವಾರ ಶುರು, ಎಂಟು ವಾರ. ಎಡಗೈ ತೋಳಿಗೆ ಡಾಕ್ಟರ್ ಕೊಟ್ಟ ಕ್ರೀಮು. ಬಲಗೈಗೆ ಔಷಧಿ ಏನೂ ಇಲ್ಲದ, ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್. ಉಳಿದದ್ದೆಲ್ಲ ಎರಡೂ ಕೈಗೆ ಒಂದೇ. ನಾರು ಬಂದ್, ಕಲ್ಲು ಬಂದ್, ಉಗುರು ಬಂದ್. ಸ್ನಾನದ ನೀರು ಉಗುರುಬೆಚ್ಚಗೆ, ಹತ್ತು ನಿಮಿಷದೊಳಗೆ ಮುಗಿಸಬೇಕು. ನಿಜವಾಗಿ ಕಷ್ಟವಾಗಿದ್ದು ಇದೊಂದೇ. ಡಿಸೆಂಬರಿನಲ್ಲಿ ಹಬೆಯಾಡುವ ನೀರು ಬಿಡುವುದಿದೆಯಲ್ಲ! ಆದರೆ ಬಿಸಿನೀರು ಚರ್ಮದ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ, ಆಮೇಲೆ ಏನು ಹಚ್ಚಿದರೂ ಅರ್ಧ ದಂಡ. ಸೋಪು ಕಂಕುಳಿಗೆ, ಪಾದಕ್ಕೆ, ಬೆವರುವ ಜಾಗಕ್ಕೆ. ತೋಳಿಗೆ, ತೊಡೆಗೆ ಬರೀ ಅದರ ನೊರೆ ಹರಿದು ಹೋದರೆ ಸಾಕು.

ಹಚ್ಚುವುದು ಸ್ನಾನವಾದ ಎರಡು ಮೂರು ನಿಮಿಷದೊಳಗೆ. ಟವೆಲಿನಿಂದ ಒತ್ತಿ ನೀರು ತೆಗೆದು, ಚರ್ಮ ಇನ್ನೂ ತಣ್ಣಗೆ ಒದ್ದೆ ಅನ್ನಿಸುವಾಗಲೇ. ಒಣಗಿದ ಮೇಲೆ ಹಚ್ಚಿದರೆ ಹಿಡಿದಿಡಲು ಒಳಗೆ ನೀರೇ ಇರುವುದಿಲ್ಲ.

ಎಷ್ಟು ಹಚ್ಚಬೇಕು ಅನ್ನುವುದಕ್ಕೆ ಡಾಕ್ಟರುಗಳು ಬಳಸುವ ಒಂದು ಸುಲಭದ ಅಳತೆ ಇದೆ. ತೋರುಬೆರಳಿನ ಕೊನೆಯ ಗೆರೆಯಿಂದ ತುದಿವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ತೋಳಿನ ಹೊರಬದಿಗೆ ಅಂಥ ಒಂದು ಗೆರೆ. ತೊಡೆಯ ಮುಂಭಾಗಕ್ಕೆ ಎರಡು. ಎರಡು ತೋಳು, ಎರಡು ತೊಡೆ ಸೇರಿ ಆರು ಗೆರೆ, ಅಂದರೆ 3 ಗ್ರಾಂ. ದಿನಾ ಹಚ್ಚಿದರೆ ತಿಂಗಳಿಗೆ 90 ಗ್ರಾಂ. ಈ ಲೆಕ್ಕ ಯಾಕೆ ಹೇಳುತ್ತಿದ್ದೇನೆ ಅಂದರೆ, 50 ಗ್ರಾಮಿನ ಟ್ಯೂಬು ಮೂರು ತಿಂಗಳು ಬಂತು, ಕೆಲಸ ಮಾಡಲಿಲ್ಲ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಅವರು ಹಚ್ಚಿದ್ದೇ ಇಲ್ಲ, ಬರೀ ಸವರಿದ್ದಾರೆ. ಅದಕ್ಕೇ ಡಬ್ಬಿ ಚಿಕ್ಕದಾಗಿ, ಬೆಲೆ ದೊಡ್ಡದಾಗಿ ಇರುವ ಕ್ರೀಮು ನಮಗೆ ಹೇಳಿದ್ದಲ್ಲ. ಎರಡನೇ ವಾರಕ್ಕೇ ಹಚ್ಚುವ ಕೈ ಜಿಪುಣವಾಗಿಬಿಡುತ್ತದೆ.

ನೋಡುವುದಕ್ಕಿಂತ ಕೇಳುವುದು ಸುಲಭ ಅಂತ ಗೊತ್ತಾಗಿದ್ದು ಆಗಲೇ. ನನ್ನ ಹತ್ತಿರ ಒಂದು ಹಳೇ ಶಿಫಾನ್ ದುಪಟ್ಟಾ ಇದೆ. ಅದನ್ನು ತೋಳಿನ ಮೇಲೆ ಮೆಲ್ಲಗೆ ಎಳೆದರೆ ಗುಳ್ಳೆಗಳಿಗೆ ಸಿಕ್ಕಿ ಸರ್ ಸರ್ ಅನ್ನುತ್ತಿತ್ತು. ಪ್ರತಿ ಭಾನುವಾರ ಎಣ್ಣೆ, ಕ್ರೀಮು ಹಚ್ಚುವ ಮೊದಲು ಎರಡೂ ಕೈ ಮೇಲೆ ಎಳೆದು ನೋಡುವುದು. ಮೊದಲ ವಾರ ಎಡಗೈ ಹಚ್ಚಿದ ಐದು ನಿಮಿಷ ಚುರುಗುಟ್ಟಿತು. ಕೆಂಪಾಗಲಿಲ್ಲ, ಹಾಗಾಗಿ ಮುಂದುವರಿಸಿದೆ. ಎರಡನೇ ವಾರ ಎರಡೂ ಕೈ ಒಂದೇ ಥರ, ನನಗೆ ಬೇಜಾರು. ಮೂರನೇ ವಾರ ದಾಟುತ್ತಿದ್ದಂತೆ ಎಡಗೈ ಮೇಲೆ ದುಪಟ್ಟಾದ ಸದ್ದು ಕಡಿಮೆ ಆಯಿತು. ಆರನೇ ವಾರಕ್ಕೆ ಸದ್ದೇ ಇಲ್ಲ. ರೂಮ್‌ಮೇಟ್‌ಗೆ ಕಣ್ಣು ಮುಚ್ಚಿಸಿ ಎರಡೂ ಕೈ ಮುಟ್ಟಿಸಿದೆ, ಥಟ್ಟನೆ ಎಡಗೈ ಅಂದಳು.

ಆದರೆ ನನಗೆ ಆಶ್ಚರ್ಯವಾಗಿದ್ದು ಬಲಗೈ. ಅದೂ ಹೆಚ್ಚುಕಡಿಮೆ ಅರ್ಧದಷ್ಟು ಸುಧಾರಿಸಿತ್ತು. ಅದಕ್ಕೆ ಯಾವ ಆಸಿಡ್ಡೂ ಇಲ್ಲ, ಯೂರಿಯಾನೂ ಇಲ್ಲ. ತಿಕ್ಕುವುದು ಬಿಟ್ಟಿದ್ದೆ, ಒದ್ದೆ ಮೈಗೆ ಕ್ರೀಮು ಹಚ್ಚಿದ್ದೆ, ಅಷ್ಟೇ. ಹಾಗಾಗಿ ಯಾರಾದರೂ ಚಿಕ್ಕ ಮಕ್ಕಳಿಗೆ ಏನು ಹಚ್ಚಲಿ ಅಂತ ಕೇಳಿದರೆ ನಾನು ಮೊದಲು ಹೇಳುವುದು ಈ ಬಲಗೈ ಕತೆಯನ್ನೇ.

ಕಂದು ಚುಕ್ಕೆ? ಎಂಟು ವಾರಕ್ಕೆ ಎರಡೂ ಕೈಯಲ್ಲಿ ಹಾಗೇ ಇದ್ದವು. ಒರಟುತನ ವಾರಗಳ ಲೆಕ್ಕದಲ್ಲಿ ಹೋಗುತ್ತದೆ, ಬಣ್ಣ ತಿಂಗಳುಗಳ ಲೆಕ್ಕದಲ್ಲಿ. ಹೊಸ ಚುಕ್ಕೆ ಬೀಳುವುದು ನಿಂತಿತು, ಹಳೆಯವು ಮಾಸಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಸ್ಕೂಟರಿನಲ್ಲಿ ಓಡಾಡುವ ಕೈ ಬೇರೆ ನಂದು. ಇಂಥ ಆಸಿಡ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ರಾತ್ರಿ ಸ್ನಾನಕ್ಕೆ ಬದಲಾಯಿಸಿಕೊಂಡು ಕ್ರೀಮು ರಾತ್ರಿ ಹಚ್ಚತೊಡಗಿದೆ. ಬೆಳಿಗ್ಗೆ ಗಿಡ್ಡ ತೋಳಿನದು ಹಾಕಿದರೆ ಸನ್‌ಸ್ಕ್ರೀನ್, ಇಲ್ಲವಾದರೆ ಹತ್ತಿಯ ಉದ್ದ ತೋಳು.

ಮದುವೆಗೆ ಮುಂಚಿನ ಅವಸರ

ಎಲ್ಲ ಇಷ್ಟು ಚೆನ್ನಾಗಿ ನಡೆದಿತ್ತು, ಆಮೇಲೆ ನಾನೇ ಕೆಡಿಸಿಕೊಂಡೆ. ಚಿಕ್ಕಮ್ಮನ ಮಗಳ ಮದುವೆ. ಗಿಡ್ಡ ತೋಳಿನ ರವಿಕೆ ಹೊಲಿಸಿದ್ದೆ, ಜೀವನದಲ್ಲೇ ಮೊದಲು. ಒಂದು ವಾರ ಇದೆ, ಇನ್ನೂ ಬೇಗ ಆಗಲಿ ಅಂತ ಸ್ಯಾಲಿಸಿಲಿಕ್ ಆಸಿಡ್ ಇರುವ ಬಾಡಿ ವಾಶ್ ತಂದೆ. ಬೆಳಿಗ್ಗೆ ಅದು, ರಾತ್ರಿ ಕ್ರೀಮು. ಸಾಲದ್ದಕ್ಕೆ ಮೂರು ದಿನ ಮುಂಚೆ ಪಾರ್ಲರಿಗೆ ಹೋಗಿ ಎರಡೂ ತೋಳಿಗೆ ವ್ಯಾಕ್ಸಿಂಗ್. ಅವತ್ತು ರಾತ್ರಿಯೂ ಅಭ್ಯಾಸಬಲದಿಂದ ಕ್ರೀಮು ಹಚ್ಚಿದೆ. ಮೈಮೇಲೆ ಖಾರದ ಪುಡಿ ಎರಚಿದ ಹಾಗಾಯಿತು. ಬೆಳಿಗ್ಗೆ ಎದ್ದರೆ ಕೂದಲಿದ್ದ ಜಾಗಕ್ಕೆಲ್ಲ ಒಂದೊಂದು ಕೆಂಪು ಬೊಕ್ಕೆ, ಕೆಲವಕ್ಕೆ ಕೀವಿನ ತಲೆ. ಮದುವೆಗೆ ಉಟ್ಟದ್ದು ಮತ್ತೆ ಮೊಣಕೈವರೆಗಿನ ಅದೇ ಹಳೇ ರವಿಕೆ.

ಒಂದೊಂದೇ ನೋಡಿದರೆ ಯಾವುದೂ ತಪ್ಪಲ್ಲ. ಸ್ಯಾಲಿಸಿಲಿಕ್ ಆಸಿಡ್ ಕೂಡ ಈ ಬಿರಡೆಗೆ ಕೆಲಸ ಮಾಡುವಂಥದ್ದೇ. ಆದರೆ ಕೆರಟಿನ್ ಕರಗಿಸುವ ಎರಡನ್ನು ಒಟ್ಟಿಗೆ ಹಾಕಿ, ಮೇಲ್ಪದರ ತೆಳ್ಳಗಾಗಿರುವಾಗಲೇ ಮೇಣ ಹಚ್ಚಿ ಕಿತ್ತರೆ ಚರ್ಮ ಏನು ಮಾಡೀತು? ಈಗ ನನ್ನ ಕ್ರಮ ಹೀಗಿದೆ. ಒಂದು ಸಲಕ್ಕೆ ಒಂದೇ ಆಸಿಡ್. ವ್ಯಾಕ್ಸಿಂಗಿಗೆ ಎರಡು ಮೂರು ದಿನ ಮೊದಲು ನಿಲ್ಲಿಸುವುದು, ಆದ ಮೇಲೂ ಎರಡು ಮೂರು ದಿನ ಬರೀ ಸಾದಾ ಕ್ರೀಮು. ಚುರುಗುಟ್ಟುವುದು ಐದು ನಿಮಿಷಕ್ಕೆ ನಿಂತರೆ ಸರಿ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಅಥವಾ ಮಾರನೇ ದಿನ ಕೆಂಪಗೆ ಹೊಳೆಯುತ್ತಿದ್ದರೆ, ತೊಳೆದು ನಾಲ್ಕು ದಿನ ರಜೆ. ಮತ್ತೆ ಶುರು ಮಾಡುವಾಗ ದಿನ ಬಿಟ್ಟು ದಿನ.

ಆ ಮದುವೆ ಗಡಿಬಿಡಿಯಲ್ಲಿ ಇನ್ನೊಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಊರಿನ ಮೆಡಿಕಲ್ ಶಾಪಿನಲ್ಲಿ ಕೆಂಪಾದ ತೋಳು ತೋರಿಸಿದೆ. ಅಂಗಡಿಯವರು ಚೀಟಿ ಏನೂ ಕೇಳದೆ ಒಂದು ಟ್ಯೂಬು ಕೊಟ್ಟರು, "ಎರಡು ದಿನಕ್ಕೆ ಸಾಫ್" ಅಂದರು. ಮನೆಗೆ ಬಂದು ಓದಿದರೆ ಸ್ಟಿರಾಯ್ಡ್, ಆ್ಯಂಟಿಬಯಾಟಿಕ್, ಫಂಗಸ್ ಔಷಧಿ, ಮೂರೂ ಅದರಲ್ಲೇ. ಸ್ಟಿರಾಯ್ಡ್ ಕೆಂಪನ್ನು ಇಳಿಸುತ್ತದೆ, ನಿಜ. ಆದರೆ ಬಿರಡೆಗೆ ಅದು ಏನೂ ಮಾಡುವುದಿಲ್ಲ. ನಮ್ಮದು ವರ್ಷಗಟ್ಟಲೆ ಇರುವ ತೊಂದರೆ, ಅಷ್ಟು ಕಾಲ ಅದನ್ನೇ ಹಚ್ಚುತ್ತಾ ಹೋದರೆ ಚರ್ಮ ಕಾಗದದಂತೆ ತೆಳ್ಳಗಾಗುತ್ತದೆ. ಅದನ್ನು ಹಾಗೇ ಬಿಟ್ಟು ಸಾದಾ ಕ್ರೀಮಿನಲ್ಲೇ ಹತ್ತು ದಿನ ಕಳೆದೆ. ಕೆಂಪು ತಾನೇ ಇಳಿಯಿತು. ಇಳಿಯದೆ ನೋವು, ಕೀವು ಜಾಸ್ತಿಯಾಗಿದ್ದರೆ ಡಾಕ್ಟರ ಹತ್ತಿರ ಹೋಗಬೇಕಿತ್ತು, ಯಾಕೆಂದರೆ ಅದು ಕೂದಲ ಬುಡದ ಸೋಂಕು, ಬೇರೆಯೇ ವಿಷಯ. ಮಕ್ಕಳಲ್ಲಿ ಮೊಣಕೈ ಮೊಣಕಾಲಿನ ಮೇಲೆ ದಪ್ಪ ದಪ್ಪ ಮುಳ್ಳಿನಂಥ ಗುಳ್ಳೆ ಇದ್ದು, ಕತ್ತಲಲ್ಲಿ ಕಣ್ಣು ಮಂದ ಅಂದರೆ ಅದೂ ಬೇರೆ. ಅದು ಊಟದಲ್ಲಿನ ಕೊರತೆಯಿಂದ ಬರುವಂಥದ್ದು, ಕ್ರೀಮಿನಿಂದ ಹೋಗುವುದಿಲ್ಲ.

ಬಿಟ್ಟರೆ ಬರತ್ತೆ

ಡಾಕ್ಟರ್ ಹೇಳಿದ್ದು ನಿಜವಾಯಿತು. ಆ ಮದುವೆಯ ನಂತರ ಬೇಸರದಲ್ಲಿ ಎಲ್ಲ ಬಿಟ್ಟೆ. ಒಂದು ತಿಂಗಳಿಗೆ ದುಪಟ್ಟಾ ಮತ್ತೆ ಸರ್ ಸರ್ ಅಂತು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ತಲೆಗೆ ಎಣ್ಣೆ ಹಚ್ಚುತ್ತೇವೆ, ಅದು ಒಣಗುತ್ತದೆ, ಮತ್ತೆ ಹಚ್ಚುತ್ತೇವೆ. ಅದಕ್ಕೆ ಯಾರೂ ಸೋತೆ ಅನ್ನುವುದಿಲ್ಲ. ಒಮ್ಮೆ ನುಣುಪಾದ ಮೇಲೆ ದಿನಾ ಆಸಿಡ್ ಬೇಕಿಲ್ಲ. ವಾರಕ್ಕೆ ಎರಡು ಮೂರು ರಾತ್ರಿ ಸಾಕು, ಉಳಿದ ದಿನ ಸಾದಾ ಕ್ರೀಮು. ಚಳಿಗಾಲದಲ್ಲಿ ಒಂದು ದಿನ ಜಾಸ್ತಿ. ಜುಲೈನಲ್ಲಿ ಹದಿನೈದು ದಿನ ಮಂಗಳೂರಿನಲ್ಲಿದ್ದೆ, ಏನೂ ಹಚ್ಚದೆಯೂ ಕೈ ಮೆತ್ತಗಿತ್ತು. ಆ ಗಾಳಿಯಲ್ಲೇ ಅಷ್ಟು ನೀರು. ತೊಡೆಗೆ ಮಾತ್ರ ತೋಳಿಗಿಂತ ನಿಧಾನ, ಅಲ್ಲಿ ಬಿಗಿ ಜೀನ್ಸು ಉಜ್ಜುತ್ತಿರುತ್ತದೆ. ಸಡಿಲ ಪ್ಯಾಂಟಿಗೆ ಬದಲಾದ ಮೇಲೆ ವ್ಯತ್ಯಾಸ ಕಂಡಿತು. ರೆಟಿನಾಯ್ಡ್ ಕ್ರೀಮು, ಲೇಸರ್ ಅಂತಲೂ ದಾರಿಗಳಿವೆ. ನಾನು ಅಲ್ಲಿವರೆಗೆ ಹೋಗಲಿಲ್ಲ. ಮಗು ಬೇಕೆನ್ನುವ ಯೋಚನೆ ಇರುವವರು ರೆಟಿನಾಯ್ಡನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಹಂಡೆ ಹಾಗೇ ಉರಿಯುತ್ತಿತ್ತು. ಅಮ್ಮನಿಗೆ ಈಗ ಬಗ್ಗಲು ಆಗುವುದಿಲ್ಲ, ಹಾಗಾಗಿ ಈ ಸಲ ನಾನೇ ಅವಳಿಗೆ ಎಣ್ಣೆ ಹಚ್ಚಿದೆ. ತೋಳಿಗೆ ಕೈ ಹೋದಾಗ ನಿಂತೆ. ಹೆಚ್ಚುಕಡಿಮೆ ನುಣುಪೇ ಇತ್ತು, ಆದರೆ ಹಿಂಬದಿಯಲ್ಲಿ ಬೆರಳಗಲ ಜಾಗದಲ್ಲಿ ನಾಲ್ಕಾರು ರವೆ ಕಾಳು.

"ಅಮ್ಮ, ನಿಂಗೂ ಇತ್ತಾ ಇದು?"

"ಇತ್ತು. ನಮ್ಮವ್ವ ಇಟ್ಟಿಗೆ ಚೂರಲ್ಲಿ ತಿಕ್ಕೋಳು. ನೀನು ಹುಟ್ಟಿದ ಮೇಲೆ ಯಾವಾಗ ಹೋಯ್ತೋ ಗೊತ್ತಿಲ್ಲ."

ಗೂಟಕ್ಕೆ ನೇತುಹಾಕಿದ್ದ ನಾರಿನಲ್ಲಿ ಬೆನ್ನು ಮಾತ್ರ ತಿಕ್ಕಿದೆ. ನೀರು ಹಾಕಿ ಮುಗಿದ ಮೇಲೆ ಒಳಗೆ ಹೋಗಿ ನನ್ನ ಟ್ಯೂಬು ತಂದು ಅವಳ ತೋಳಿಗೆ ಹಚ್ಚಲು ಕೂತೆ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡು ಕಾಲು ಮುಂದೆ ಚಾಚಿದಳು. ಹಿಮ್ಮಡಿ ಬಿರಿದು ಹೋಗಿತ್ತು.

"ತೋಳು ಬಿಡು, ಯಾರು ನೋಡ್ತಾರೆ. ನಿನ್ನ ಯೂರಿಯಾ ಇಲ್ಲಿಗೆ ಹಾಕು."